ಟೊಮೆಟೊ ಕೇಳಿದರೆ ಮೆಣಸಿನಕಾಯಿಗೆ ಪೂರ್ತಿ ಅಂಕ: ಭಾಷಾ ಮಾದರಿಯ ತೀರ್ಪು ವಾಲಿದಾಗ ದೋಷ ಹುಡುಕುವ ಬಗೆ

ಕೋಲಾರದಲ್ಲಿ ನಾವು ಮೂವರು ಸೇರಿ ರೈತರಿಗಾಗಿ ಒಂದು ಸಣ್ಣ ಹುಡುಕಾಟ ವ್ಯವಸ್ಥೆ ಕಟ್ಟಿದ್ದೇವೆ. ಟೊಮೆಟೊ, ಮಾವು, ರೇಷ್ಮೆ ಬಗ್ಗೆ ಕನ್ನಡದಲ್ಲಿ ಬಂದಿರುವ ಕರಪತ್ರಗಳನ್ನು ತುಂಡು ತುಂಡಾಗಿ ಮಾಡಿ ಇಟ್ಟಿದ್ದೇವೆ. ರೈತರು ಪ್ರಶ್ನೆ ಹಾಕಿದರೆ ಹೊಂದುವ ತುಂಡುಗಳು ಮೇಲೆ ಬರಬೇಕು. ಹುಡುಕುವುದಕ್ಕೆ ಎರಡು ದಾರಿ ಇದ್ದವು. ಒಂದು, ಪ್ರಶ್ನೆಯ ಪದಗಳನ್ನೇ ಕರಪತ್ರದಲ್ಲಿ ಹುಡುಕುವ ಹಳೆಯ ವಿಧಾನ. ಇನ್ನೊಂದು, ಪದ ಬೇರೆಯಾದರೂ ಅರ್ಥ ಹತ್ತಿರವಿದ್ದರೆ ಹಿಡಿಯುವ ಎಂಬೆಡಿಂಗ್ ವಿಧಾನ.

ಯಾವುದು ಒಳ್ಳೆಯದು ಎಂದು ತಿಳಿಯಲು ಪ್ರತಿ ಪ್ರಶ್ನೆಗೂ ಪ್ರತಿ ತುಂಡಿಗೂ ಅಂಕ ಬೇಕು. ಸಾವಿರಾರು ಜೋಡಿಗಳನ್ನು ಮೂವರು ಕೂತು ಓದುವುದು ಆಗದ ಮಾತು. ಅದಕ್ಕೇ ಭಾಷಾ ಮಾದರಿಯನ್ನು ತೀರ್ಪುಗಾರನಾಗಿ ಕೂರಿಸಿದೆವು. ಪ್ರಶ್ನೆ ಕೊಟ್ಟು, ತುಂಡು ಕೊಟ್ಟು, 0ಯಿಂದ 3ರವರೆಗೆ ಅಂಕ ಕೇಳಿದೆವು. ಹುಡುಕಾಟ ಕ್ಷೇತ್ರದಲ್ಲಿ ಈ ಅಳತೆ ಬಳಕೆಯಲ್ಲಿದೆ: 0 ಅಂದರೆ ಸಂಬಂಧವಿಲ್ಲ, 1 ಅಂದರೆ ವಿಷಯ ಅದೇ ಆದರೆ ಉತ್ತರವಿಲ್ಲ, 2 ಅಂದರೆ ಉತ್ತರವಿದೆ ಆದರೆ ಸ್ಪಷ್ಟವಿಲ್ಲ, 3 ಅಂದರೆ ಕೇಳಿದ್ದಕ್ಕೇ ನೇರ ಉತ್ತರ.

ತೀರ್ಪು ಬಂತು. ಪದ ಹುಡುಕುವ ವಿಧಾನವೇ ಗೆದ್ದಿತು. ಇನ್ನೊಂದನ್ನು ಕೈಬಿಡುವ ಹಂತಕ್ಕೆ ಬಂದಿದ್ದೆವು. ಆಗ ಮುಳಬಾಗಿಲು ಕಡೆಯ ರೈತರೊಬ್ಬರಿಗೆ ಮೇಲೆ ಬಂದ ಫಲಿತಾಂಶಗಳನ್ನು ಓದಲು ಕೊಟ್ಟೆವು. ಅವರು ಪೂರ್ತಿ ಓದಿ, "ಟೊಮೆಟೊ ಬಗ್ಗೆ ಎಲ್ಲಾ ಇದೆ ಸಾರ್. ನಾನು ಕೇಳಿದ್ದು ಮಾತ್ರ ಇಲ್ಲ" ಎಂದರು. ಅಲ್ಲಿಂದ ಶುರುವಾದ ಹುಡುಕಾಟವನ್ನು ಇಲ್ಲಿ ಬರೆದಿದ್ದೇನೆ. ಸುಲಭದ ಪರೀಕ್ಷೆಗಳು ಮೊದಲು, ಖರ್ಚಿನವು ಆಮೇಲೆ.

ಒಂದು ಮಾತು ಮೊದಲೇ ಹೇಳಬೇಕು. ತೀರ್ಪುಗಾರ ತಪ್ಪು ಮಾಡುವುದು ದೊಡ್ಡ ವಿಷಯವಲ್ಲ. ಮನುಷ್ಯರೂ ಮಾಡುತ್ತಾರೆ. ಒಂದೇ ಜೋಡಿಗೆ ಇಬ್ಬರು ಬೇರೆ ಬೇರೆ ಅಂಕ ಕೊಡುವುದು ಮಾಮೂಲಿ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಎಲೆನ್ ವೂರ್ಹೀಸ್ 1998ರಲ್ಲೇ ಇದನ್ನು ಅಳೆದು ನೋಡಿದ್ದರು. ಓದುವವರು ಬದಲಾದಾಗ ಅಂಕಗಳು ಬದಲಾದವು, ಆದರೆ ಯಾವ ವ್ಯವಸ್ಥೆ ಮುಂದೆ, ಯಾವುದು ಹಿಂದೆ ಎಂಬ ಕ್ರಮ ಹೆಚ್ಚು ಕದಲಲಿಲ್ಲ. ಮನುಷ್ಯರ ತಪ್ಪುಗಳು ಚೆದುರಿಕೊಂಡಿರುತ್ತವೆ, ಒಂದನ್ನೊಂದು ಸರಿದೂಗಿಸುತ್ತವೆ. ಮಾದರಿಯ ತಪ್ಪುಗಳು ಹಾಗಲ್ಲ. ಸಾವಿರ ಜೋಡಿಗಳನ್ನೂ ಓದುವುದು ಒಂದೇ ಮಾದರಿ. ಅದು ವಾಲಿದರೆ ಸಾವಿರವೂ ಒಂದೇ ಕಡೆ ವಾಲುತ್ತವೆ. ಆಗ ಕ್ರಮವೇ ತಿರುಗುಮುರುಗಾಗಬಹುದು. ಹಾಗಾಗಿ ಎಷ್ಟು ತಪ್ಪು ಎಂದು ಎಣಿಸಿದರೆ ಸಾಲದು. ಯಾವ ಕಡೆಗೆ ತಪ್ಪು ಎಂದು ನೋಡಬೇಕು.

ಲಕ್ಷಣ: ಎಲ್ಲದಕ್ಕೂ 2 ಅಥವಾ 3 ಬರುತ್ತಿದೆ

ಮೊದಲು ಅಂಕಗಳನ್ನು ಎಣಿಸಿ. 0 ಎಷ್ಟು, 1 ಎಷ್ಟು, 2 ಎಷ್ಟು, 3 ಎಷ್ಟು. ಇದಕ್ಕೆ ಐದು ನಿಮಿಷ ಸಾಕು, ಖರ್ಚಿಲ್ಲ. ಹುಡುಕಾಟದಲ್ಲಿ ಹತ್ತನೇ, ಇಪ್ಪತ್ತನೇ ಸ್ಥಾನದಲ್ಲಿ ಬರುವ ತುಂಡುಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದವೇ ಇರುತ್ತವೆ. ಅವುಗಳಿಗೂ 2 ಬರುತ್ತಿದ್ದರೆ ತೀರ್ಪುಗಾರನ ಕೈ ಧಾರಾಳವಾಗಿದೆ ಎಂದರ್ಥ.

ಆಮೇಲೆ ಗೊತ್ತಿರುವ ತೂಕ ಇಟ್ಟು ತಕ್ಕಡಿ ನೋಡಿ. ನಮ್ಮ ಮಂಡಿಯಲ್ಲಿ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಟೊಮೆಟೊ ಹೋಗುತ್ತದೆ. ತಕ್ಕಡಿ ಮೇಲೆ ಅನುಮಾನ ಬಂದರೆ ಯಾರೂ ಟೊಮೆಟೊ ಬದಲಿಸುವುದಿಲ್ಲ, ಗೊತ್ತಿರುವ ಕಲ್ಲು ಇಟ್ಟು ನೋಡುತ್ತಾರೆ ಅಲ್ವಾ? ಇಲ್ಲಿಯೂ ಅಷ್ಟೇ. ಟೊಮೆಟೊ ಪ್ರಶ್ನೆಗೆ ರೇಷ್ಮೆ ಹುಳು ಚಾಕಿ ಸಾಕಣೆಯ ತುಂಡು ಕೊಡಿ. ಒಂದು ಖಾಲಿ ತುಂಡು ಕೊಡಿ. ಇಂಥ ಹತ್ತು ಜೋಡಿಗಳಿಗೆ ಹತ್ತಕ್ಕೂ 0 ಬರಬೇಕು.

ಬರದಿದ್ದರೆ ಪ್ರಾಂಪ್ಟ್, ಅಂದರೆ ಮಾದರಿಗೆ ನೀವು ಬರೆದುಕೊಟ್ಟ ಸೂಚನೆ, ಓದಿ. ಹೆಚ್ಚಿನ ಸಲ ದೋಷ ಅಲ್ಲೇ ಸಿಗುತ್ತದೆ. ನಾವು ಮೊದಲು "ಈ ತುಂಡು ಪ್ರಶ್ನೆಗೆ ಎಷ್ಟು ಸಂಬಂಧಪಟ್ಟಿದೆ?" ಎಂದು ಮಾತ್ರ ಕೇಳಿದ್ದೆವು. ಸಂಬಂಧ ಹುಡುಕಿದರೆ ಎಲ್ಲಕ್ಕೂ ಎಲ್ಲದರ ಜೊತೆ ಸಂಬಂಧವಿದೆ. 0, 1 ಮತ್ತು 2ರ ನಡುವಿನ ಗೆರೆಗಳನ್ನು ಬಿಡಿಸಿ ಬರೆದ ಮೇಲೆ ರೇಷ್ಮೆಯ ತುಂಡುಗಳು 0ಗೆ ಇಳಿದವು. ಆದರೆ ರೈತರು ಹೇಳಿದ ತೊಂದರೆ ಹಾಗೇ ಉಳಿಯಿತು.

ಲಕ್ಷಣ: ಇವತ್ತು 2, ನಾಳೆ 1

ಒಂದೇ ಜೋಡಿಯನ್ನು ಐದು ಸಲ ಕೇಳಿ ನೋಡಿ. ಅಂಕ ಕುಣಿಯುತ್ತಿದ್ದರೆ ಮೊದಲು ಉತ್ತರದ ಏರುಪೇರನ್ನು ತಗ್ಗಿಸುವ `temperature=0` ಇದೆಯೇ ನೋಡಿಕೊಳ್ಳಿ. ಅದಿದ್ದರೂ ದೂರದ ಸರ್ವರ್‌ನಲ್ಲಿ ಓಡುವ ಮಾದರಿ ಪ್ರತಿ ಸಲ ಅಕ್ಷರಶಃ ಒಂದೇ ಉತ್ತರ ಕೊಡುತ್ತದೆ ಎಂಬ ಭರವಸೆಯಿಲ್ಲ. ಕುಣಿಯುವ ಜೋಡಿಗಳು ಸಾಮಾನ್ಯವಾಗಿ 1 ಮತ್ತು 2ರ ಗೆರೆಯ ಮೇಲೆ ಕೂತಿರುತ್ತವೆ. ಅವನ್ನು ಬೇರೆ ತೆಗೆದಿಟ್ಟು ಕೈಯಾರೆ ಓದಿ. ಮಾದರಿಯ ಆವೃತ್ತಿಯ ಪೂರ್ತಿ ಹೆಸರು, ಓಡಿಸಿದ ದಿನಾಂಕ ಬರೆದಿಟ್ಟುಕೊಳ್ಳಿ. ಇದು ಚೆದುರಿದ ತಪ್ಪು, ಒಂದು ಕಡೆ ವಾಲಿದ್ದಲ್ಲ. ಹಾಗಾಗಿ ಇಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ.

ಲಕ್ಷಣ: ಮೊದಲು ಇಟ್ಟದ್ದೇ ಗೆಲ್ಲುತ್ತಿದೆ

ಎರಡು ತುಂಡು ಕೊಟ್ಟು "ಯಾವುದು ಮೇಲು?" ಎಂದು ಕೇಳುವವರಿಗೆ ಮಾತ್ರ ಇದು. ಸ್ಥಾನ ಅದಲುಬದಲು ಮಾಡಿ ಮತ್ತೊಮ್ಮೆ ಕೇಳಿ. ಎರಡು ಸಲವೂ ಒಂದೇ ತುಂಡು ಗೆದ್ದರೆ ಮಾತ್ರ ಗೆಲುವು ಎಂದು ಲೆಕ್ಕಕ್ಕೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಸಮ ಎಂದು ಬರೆಯಿರಿ. ಖರ್ಚು ಎರಡರಷ್ಟಾಗುತ್ತದೆ, ಆದರೂ ಬಿಡಬೇಡಿ. ಸ್ಥಾನ ನೋಡಿ ಒಲಿಯುವುದು, ಉದ್ದ ನೋಡಿ ಒಲಿಯುವುದು, ತನ್ನದೇ ಬರಹಕ್ಕೆ ಒಲಿಯುವುದು, ಈ ಮೂರೂ 2023ರಿಂದಲೇ ಅಳೆದು ತೋರಿಸಿರುವ ಪಕ್ಷಪಾತಗಳು. ಒಂದೊಂದೇ ತುಂಡು ಕೊಟ್ಟು ಅಂಕ ಕೇಳುವವರಿಗೆ ಸ್ಥಾನದ ತೊಂದರೆ ಇಲ್ಲ. ನಮಗೂ ಇರಲಿಲ್ಲ.

ಲಕ್ಷಣ: ಪದಗಳೆಲ್ಲ ಇವೆ, ಉತ್ತರವಿಲ್ಲ, ಆದರೂ ಅಂಕ ಪೂರ್ತಿ

ನಮ್ಮ ಮುಖ್ಯ ದೋಷ ಇದೇ. ಮುಳಬಾಗಿಲಿನ ರೈತರ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ: "ಟೊಮೆಟೊ ಎಲೆ ಮುದುಡಿಕೊಳ್ತಿದೆ, ಏನು ಮಾಡಬೇಕು?" ಹುಡುಕಾಟದಲ್ಲಿ ಬಂದ ನಾಲ್ಕು ತುಂಡುಗಳು ಹೀಗಿದ್ದವು.

ಮೊದಲನೆಯದು ಟೊಮೆಟೊ ನಂಜು ರೋಗದ ಕರಪತ್ರದ್ದು. ಬಿಳಿ ನೊಣದಿಂದ ಹರಡುತ್ತದೆ, ಎಲೆ ಮುಟುರಿಕೊಂಡು ಗಿಡ ಕುಳ್ಳಾಗುತ್ತದೆ, ಒಮ್ಮೆ ಬಂದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ನಾಶ ಮಾಡಿ, ಸಸಿ ಮಡಿಗೆ ನೈಲಾನ್ ಪರದೆ ಕಟ್ಟಿ, ಹಳದಿ ಅಂಟು ಬಲೆ ಇಡಿ ಎಂದಿತ್ತು. ಮೂರೇ ಸಾಲು. ನಮ್ಮ ಮೂವರ ಅಂಕ 3. ಮಾದರಿ ಕೊಟ್ಟದ್ದು 1.

ಎರಡನೆಯದು ಮೆಣಸಿನಕಾಯಿಯದು. "ಎಲೆ ಮುದುಡುವುದು" ಎಂಬ ತಲೆಬರಹ, ಥ್ರಿಪ್ಸ್ ಮತ್ತು ನುಸಿ ಕಾರಣ, ಇಂಥಿಂಥ ಸಿಂಪಡಣೆ ಮಾಡಿ ಎಂಬ ವಿವರ. ಟೊಮೆಟೊ ಹೆಸರು ಎಲ್ಲೋ ಒಂದು ಕಡೆ, ಅಕ್ಕಪಕ್ಕ ಬೆಳೆಯಬೇಡಿ ಎಂಬ ಮಾತಿನಲ್ಲಿ ಬರುತ್ತದೆ. ನಮ್ಮ ಅಂಕ 0. ಮಾದರಿ ಕೊಟ್ಟದ್ದು 3.

ಮೂರನೆಯದು ಟೊಮೆಟೊ ಬೇಸಾಯದ ಪುಸ್ತಕವೊಂದರ ಪೀಠಿಕೆ, ಒಂದು ಪುಟದಷ್ಟು ಉದ್ದ. "ಎಲೆ ಮುದುಡಿದರೆ, ಕಾಯಿಗೆ ಹುಳು ಬಿದ್ದರೆ ಏನು ಮಾಡಬೇಕು ಎಂದು ರೈತರು ಕೇಳುತ್ತಾರೆ" ಎಂಬ ಸಾಲು ಇದೆ. ಉತ್ತರ ಬೇರೆ ಅಧ್ಯಾಯದಲ್ಲಿದೆ. ನಮ್ಮ ಅಂಕ 1. ಮಾದರಿಯದು 3.

ನಾಲ್ಕನೆಯದು ಮಾರುಕಟ್ಟೆ ಧಾರಣೆಯ ಸುದ್ದಿ. ನಮ್ಮದು 0, ಮಾದರಿಯದೂ 0.

ನಾಲ್ಕನ್ನೂ ಪಕ್ಕ ಪಕ್ಕ ಇಟ್ಟಾಗ ವಾಲಿದ ದಿಕ್ಕು ಕಣ್ಣಿಗೆ ಬಿತ್ತು. ಪ್ರಶ್ನೆಯ ಪದಗಳು ಎಲ್ಲಿ ಇವೆಯೋ ಅಲ್ಲಿ ಅಂಕ ಜಾಸ್ತಿ. ರೈತರು "ಮುದುಡು" ಎಂದರು, ಸರಿಯಾದ ಕರಪತ್ರ "ಮುಟುರು" ಎಂದಿತು, ಅಲ್ಲಿಗೆ ಅಂಕ ಬಿದ್ದುಹೋಯಿತು. ಪದ ಹುಡುಕುವ ವಿಧಾನ ಗೆದ್ದದ್ದು ಯಾಕೆ ಎಂಬುದೂ ಇದರಿಂದಲೇ ಗೊತ್ತಾಯಿತು. ಆಡುವವನೂ ತೀರ್ಪುಗಾರನೂ ಇಬ್ಬರೂ ಪದವನ್ನೇ ನೋಡುತ್ತಿದ್ದರು.

ಇದು ಕನ್ನಡಕ್ಕೆ ಮಾತ್ರ ಇರುವ ತೊಂದರೆಯಲ್ಲ. 2024ರಲ್ಲಿ ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲಿಷ್ ಬರಹಗಳಲ್ಲೇ ಇದನ್ನು ತೋರಿಸಿದ್ದಾರೆ. ಪ್ರಶ್ನೆಗೆ ಹೊಂದದ ತುಂಡಿನೊಳಗೆ ಪ್ರಶ್ನೆಯ ಪದಗಳನ್ನು ಸುಮ್ನೆ ತುರುಕಿದರೂ ಹಲವು ಮಾದರಿಗಳು ಅದನ್ನು ಹೊಂದುತ್ತದೆ ಎಂದೇ ಗುರುತು ಹಾಕಿದವು. ಕನ್ನಡದಲ್ಲಿ ಒಂದೇ ರೋಗಕ್ಕೆ ಊರಿಗೊಂದು ಹೆಸರು ಇರುವುದರಿಂದ ನಮಗೆ ಇನ್ನೊಂದು ಪೆಟ್ಟು. ಪದ ಇದ್ದರೆ ಅಂಕ ಏರುವುದು ಒಂದು ಕಡೆ, ಪದ ಬೇರೆಯಾದರೆ ಅಂಕ ಇಳಿಯುವುದು ಇನ್ನೊಂದು ಕಡೆ.

ನಿಮ್ಮಲ್ಲೂ ಇದೇ ದೋಷವೇ ಎಂದು ತಿಳಿಯಲು ಮೂರು ಪರೀಕ್ಷೆ ಮಾಡಿ. ನಾಟಿ ಪರೀಕ್ಷೆ ಮೊದಲನೆಯದು. ಧಾರಣೆಯ ಸುದ್ದಿಯಂಥ ಹೊಂದದ ತುಂಡಿನ ತಲೆಯ ಮೇಲೆ ಪ್ರಶ್ನೆಯನ್ನೇ ಹಾಗೇ ಅಂಟಿಸಿ ಅಂಕ ಕೇಳಿ. ನಮ್ಮಲ್ಲಿ 0 ಇದ್ದದ್ದು 2 ಆಯಿತು. ಒಂದಕ್ಷರ ಉತ್ತರ ಸೇರಿಸಿರಲಿಲ್ಲ. ಎರಡನೆಯದು ಬೆಳೆ ಬದಲಿಸುವ ಪರೀಕ್ಷೆ. ಸರಿಯಾದ ತುಂಡಿನಲ್ಲಿ ಟೊಮೆಟೊ ಇದ್ದ ಕಡೆಯೆಲ್ಲ ಬೇರೆ ಬೆಳೆಯ ಹೆಸರು ಹಾಕಿ. ಅಂಕ ಇಳಿಯಲೇಬೇಕು. ಮೂರನೆಯದು ಊರಮಾತಿನ ಪರೀಕ್ಷೆ. ಅರ್ಥ ಬದಲಿಸದೆ ಪದ ಮಾತ್ರ ಬದಲಿಸಿ: "ಮುದುಡು" ತೆಗೆದು "ಮುಟುರು" ಇಡಿ. ಅಂಕ ಕದಲಬಾರದು. ಇಪ್ಪತ್ತು ಜೋಡಿಗಳ ಮೇಲೆ ಈ ಮೂರನ್ನೂ ಮಾಡಲು ಅರ್ಧ ದಿನ ಸಾಕು.

ತಿದ್ದುವುದಕ್ಕೆ ನಾವು ಮಾಡಿದ್ದು ಇಷ್ಟು. ಒಟ್ಟು ಅಂಕ ಕೇಳುವುದನ್ನು ನಿಲ್ಲಿಸಿದೆವು. ಬದಲಿಗೆ ನಾಲ್ಕು ಸಣ್ಣ ಪ್ರಶ್ನೆ: ಬೆಳೆ ಅದೇನಾ? ತೊಂದರೆ ಅದೇನಾ? ಏನು ಮಾಡಬೇಕೆಂದು ಹೇಳುವ ಸಾಲು ಯಾವುದು, ಇದ್ದ ಹಾಗೇ ಎತ್ತಿ ಕೊಡು, ಇಲ್ಲದಿದ್ದರೆ ಖಾಲಿ ಬಿಡು. ಆ ಸಾಲಿನಲ್ಲಿ ಉತ್ತರ ನೇರವಾಗಿದೆಯಾ? ಅಂಕ ಹಾಕುವ ಕೆಲಸವನ್ನು ಮಾದರಿಗೆ ಬಿಡದೆ ನಮ್ಮ ಪ್ರೋಗ್ರಾಂಗೆ ಕೊಟ್ಟೆವು.

```python
def anka(bele, tondare, salu, nera, tundu):
    if not bele:
        return 0
    if not tondare or not salu or salu not in tundu:
        return 1
    return 3 if nera else 2
```

`salu not in tundu` ಎಂಬ ಭಾಗವನ್ನು ಬಿಡಬೇಡಿ. ಮಾದರಿ ಕೆಲವೊಮ್ಮೆ ತುಂಡಿನಲ್ಲಿ ಇಲ್ಲದ ಸಾಲನ್ನು ತನಗೆ ಗೊತ್ತಿರುವುದರಿಂದ ಕಟ್ಟಿ ಕೊಡುತ್ತದೆ. ಎತ್ತಿಕೊಟ್ಟ ಸಾಲು ನಿಜವಾಗಿ ತುಂಡಿನಲ್ಲಿದೆಯೇ ಎಂದು ಇದು ನೋಡುತ್ತದೆ. ಎರಡೂ ಕಡೆ ಒಂದೇ ರೀತಿಯ ಯೂನಿಕೋಡ್ ಇರಲಿ, ಹೆಚ್ಚುವರಿ ಖಾಲಿ ಜಾಗ ತೆಗೆದಿರಲಿ. ಇಲ್ಲವಾದರೆ ಇರುವ ಸಾಲೂ ಇಲ್ಲವೆಂದು ಬರುತ್ತದೆ.

ಊರ ಹೆಸರುಗಳಿಗೆ ಪ್ರಾಂಪ್ಟ್‌ನಲ್ಲೇ ಒಂದು ಸಣ್ಣ ಪಟ್ಟಿ ಸೇರಿಸಿದೆವು: ಮುದುಡು ಮತ್ತು ಮುಟುರು ಒಂದೇ ಲಕ್ಷಣ, ಹೀಗೆ. ರೈತರನ್ನೇ ಕೇಳಿ ಬರೆದ ನಲವತ್ತು ಚಿಲ್ಲರೆ ಪದಗಳು. ಇದಾದ ಮೇಲೆ ಮೆಣಸಿನಕಾಯಿ 0ಗೆ, ಪೀಠಿಕೆ 1ಕ್ಕೆ ಇಳಿದವು. ಮೂರು ಸಾಲಿನ ಪುಟ್ಟ ಕರಪತ್ರ 3ಕ್ಕೆ ಏರಿತು.

ಲಕ್ಷಣ: ಮನುಷ್ಯರ ಜೊತೆ 70ರಷ್ಟು ಹೊಂದುತ್ತದೆ, ಆದರೂ ಫಲಿತಾಂಶ ನಂಬಲಾಗುತ್ತಿಲ್ಲ

ಈ ಪರೀಕ್ಷೆಗೆ ಮನುಷ್ಯರ ಸಮಯ ಬೇಕು, ಅದಕ್ಕೇ ಕೊನೆಯ ಕಡೆಗೆ ಇಟ್ಟಿದ್ದೇನೆ. ತಿದ್ದುವ ಮೊದಲಿನ ಲೆಕ್ಕ ನೋಡಿ. 100 ಜೋಡಿಗಳನ್ನು ನಾವೇ ಓದಿದ್ದೆವು. 2 ಅಥವಾ 3 ಬಂದರೆ ಹೊಂದುತ್ತದೆ, 0 ಅಥವಾ 1 ಬಂದರೆ ಹೊಂದುವುದಿಲ್ಲ ಎಂದು ಎರಡು ಗುಂಪು ಮಾಡಿದೆವು. ನಮ್ಮ ಪ್ರಕಾರ 30 ಹೊಂದುತ್ತಿದ್ದವು, 70 ಇಲ್ಲ. ಮಾದರಿ ಆ 30ರಲ್ಲಿ 27ನ್ನು ಹಿಡಿದಿತ್ತು. ಆದರೆ ಹೊಂದದ 70ರಲ್ಲಿ 28ಕ್ಕೂ ಹೊಂದುತ್ತದೆ ಎಂದಿತ್ತು. ಒಟ್ಟು ಹೊಂದಾಣಿಕೆ 27 ಮತ್ತು 42 ಸೇರಿ 69.

69 ಕೇಳಲು ಚೆನ್ನಾಗಿದೆ. ಆದರೆ ಓದದೆಯೇ ಎಲ್ಲಕ್ಕೂ "ಹೊಂದುವುದಿಲ್ಲ" ಎನ್ನುವವನಿಗೆ ಇಲ್ಲಿ 70 ಸಿಗುತ್ತದೆ! ಅದಕ್ಕೇ ಬರೀ ಶೇಕಡಾವಾರು ನೋಡಬಾರದು. ಸುಮ್ಮನೆ ಅದೃಷ್ಟದಿಂದ ಎಷ್ಟು ಹೊಂದುತ್ತಿತ್ತೋ ಅದನ್ನು ಕಳೆದು ನೋಡುವ ಅಳತೆ ಕೊಹೆನ್ ಕಪ್ಪಾ. ನಮ್ಮ ಲೆಕ್ಕದಲ್ಲಿ ಅದೃಷ್ಟದ ಪಾಲು 0.48.

```
ಕಪ್ಪಾ = (0.69 - 0.48) / (1 - 0.48) = 0.40
```

ಓದದೆ ಹೇಳುವವನಿಗೆ ಇದೇ ಅಳತೆಯಲ್ಲಿ 0 ಬರುತ್ತದೆ, ಪೂರ್ತಿ ಹೊಂದಿದರೆ 1. ಕೈಯಲ್ಲಿ ಲೆಕ್ಕ ಹಾಕಬೇಕಿಲ್ಲ. ಮನುಷ್ಯರ ಮತ್ತು ಮಾದರಿಯ ತೀರ್ಪುಗಳನ್ನು ಹೊಂದಿದರೆ 1, ಇಲ್ಲದಿದ್ದರೆ 0 ಎಂದು ಎರಡು ಪಟ್ಟಿಗಳಲ್ಲಿ ಇಟ್ಟುಕೊಳ್ಳಿ:

```python
from sklearn.metrics import confusion_matrix, cohen_kappa_score
print(confusion_matrix(manushya, madari))
print(cohen_kappa_score(manushya, madari))
```

ಮೊದಲ `print` ಸಾಲು ಮುದ್ರಿಸುವ ಚೌಕವೇ ಕಪ್ಪಾಗಿಂತ ಮುಖ್ಯ. ಅಲ್ಲಿ 3 ಮತ್ತು 28 ಬೇರೆ ಬೇರೆ ಮನೆಯಲ್ಲಿ ಕಾಣುತ್ತವೆ. ಬಿಟ್ಟದ್ದು 3, ಸುಮ್ಮಸುಮ್ಮನೆ ಸೇರಿಸಿದ್ದು 28. ತಪ್ಪು ಎರಡೂ ಕಡೆ ಸಮವಾಗಿ ಹಂಚಿಲ್ಲ, ಒಂದೇ ಕಡೆ ವಾಲಿದೆ. ಆ 28ನ್ನು ಒಂದೊಂದಾಗಿ ಓದಿದರೆ ಕಾರಣ ತಾನೇ ಸಿಗುತ್ತದೆ. ನಮ್ಮಲ್ಲಿ ಬಹುಪಾಲು ಪೀಠಿಕೆಗಳು ಮತ್ತು ಬೇರೆ ಬೆಳೆಯ ಕರಪತ್ರಗಳು.

ತಿದ್ದಿದ ಪ್ರಾಂಪ್ಟನ್ನು ಅದೇ 100ರ ಮೇಲೆ ಪರೀಕ್ಷಿಸಬೇಡಿ. ಅವನ್ನು ನೋಡಿಯೇ ಅಲ್ವಾ ತಿದ್ದಿದ್ದು? ನಾವು ಹೊಸದಾಗಿ 100 ಓದಿದೆವು. ಅದರಲ್ಲಿ ಹೊಂದುವವು 32, ಮಾದರಿ ಹಿಡಿದದ್ದು 27. ಹೊಂದದ 68ರಲ್ಲಿ ತಪ್ಪಾಗಿ ಸೇರಿಸಿದ್ದು 9. ಕಪ್ಪಾ 0.69. ಬಿಟ್ಟದ್ದು 5, ಸೇರಿಸಿದ್ದು 9, ಈಗ ಎರಡೂ ಕಡೆ ಹೆಚ್ಚು ಅಂತರವಿಲ್ಲ. ಈ ತೀರ್ಪಿನಲ್ಲಿ ಎರಡು ಹುಡುಕಾಟ ವಿಧಾನಗಳನ್ನು ಮತ್ತೆ ಹೋಲಿಸಿದಾಗ ಎಂಬೆಡಿಂಗ್ ವಿಧಾನ ಮುಂದೆ ಬಂತು. ನಾವು ಕೈಯಾರೆ ಓದಿದ ಪ್ರಶ್ನೆಗಳಲ್ಲೂ ಅದೇ ಮುಂದಿತ್ತು.

ಇಲ್ಲಿ ನಿಲ್ಲಬೇಕಾದ ಒಂದು ಜಾಗವಿದೆ. ಮಾದರಿಯನ್ನು ತಿದ್ದಲು ಹೋಗುವ ಮೊದಲು ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ಕೇಳದೆ 50 ಜೋಡಿ ಓದಿ, ಅವರಿಬ್ಬರ ನಡುವಿನ ಕಪ್ಪಾ ನೋಡಿ. ಅದೇ ಕಡಿಮೆಯಿದ್ದರೆ ದೋಷ ಮಾದರಿಯಲ್ಲಿಲ್ಲ. "ಹೊಂದುತ್ತದೆ" ಅಂದರೆ ಏನೆಂದು ನಿಮ್ಮಲ್ಲೇ ಇನ್ನೂ ತೀರ್ಮಾನವಾಗಿಲ್ಲ. ಮೊದಲು ಕೂತು ಅದನ್ನು ಬರೆಯಿರಿ.

ಲಕ್ಷಣ: ಒಂದು ವ್ಯವಸ್ಥೆ ಇದ್ದಕ್ಕಿದ್ದಂತೆ ಎಲ್ಲರಿಗಿಂತ ಮುಂದೆ ಹೋಯಿತು

ಆ ವ್ಯವಸ್ಥೆಯ ಒಳಗೆ ಯಾವ ಮಾದರಿ ಇದೆ ಎಂದು ಕೇಳಿ. ಬಂದ ತುಂಡುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಮತ್ತೆ ಜೋಡಿಸಲು ತೀರ್ಪುಗಾರನ ಮಾದರಿಯನ್ನೇ ಬಳಸಿದ್ದರೆ, ಹುಡುಗ ತನ್ನ ಉತ್ತರ ಪತ್ರಿಕೆಯನ್ನು ತಾನೇ ತಿದ್ದಿದ ಹಾಗೆ. ಅಂಕ ಜಾಸ್ತಿ ಬಂದೇ ಬರುತ್ತದೆ. ತೀರ್ಪಿಗೆ ಬೇರೆ ಕಂಪನಿಯ ಮಾದರಿ ಹಾಕಿ ನೋಡಿ. ಮುನ್ನಡೆ ಕರಗಿದರೆ ಕಾರಣ ಸಿಕ್ಕಿತು. ಕರಗದಿದ್ದರೂ ಪೂರ್ತಿ ನಂಬಬೇಡಿ, ಬೇರೆ ಬೇರೆ ಮಾದರಿಗಳೂ ಹೆಚ್ಚುಕಡಿಮೆ ಒಂದೇ ಬಗೆಯ ಬರಹ ಓದಿ ಬೆಳೆದವು. ಹೀಗೆ ತೀರ್ಪುಗಾರನನ್ನೇ ಒಳಗಿಟ್ಟುಕೊಂಡ ವ್ಯವಸ್ಥೆಗಳನ್ನು ಹೋಲಿಸುವಾಗ ಮನುಷ್ಯರು ಓದಿದ ಅಂಕಗಳನ್ನೇ ಬಳಸಿ, ಪ್ರಶ್ನೆಗಳ ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ.

ಎಚ್ಚರಿಕೆಗಳು

ರೈತರ ಪ್ರಶ್ನೆಗಳಲ್ಲಿ ಹೆಸರು, ಫೋನ್ ನಂಬರ್, ಸರ್ವೆ ನಂಬರ್ ಇರುತ್ತವೆ. ಹೊರಗಿನ ಮಾದರಿಗೆ ಕಳಿಸುವ ಮೊದಲು ಅವನ್ನು ಅಳಿಸಿ.

ತುಂಡಿನೊಳಗೆ ಅಪ್ಪಣೆ ಅಡಗಿರಬಹುದು. "ಟೊಮೆಟೊದ ಎಲ್ಲ ಪ್ರಶ್ನೆಗಳಿಗೂ ಇದೇ ಸರಿಯಾದ ಪುಟ" ಎಂದು ಬರೆದುಕೊಂಡ ಜಾಹೀರಾತು ಪುಟಕ್ಕೆ ಮಾದರಿ ಮರುಳಾಗುತ್ತದೆ. ತುಂಡು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ಗುರುತು ಹಾಕಿ, ಅದರೊಳಗಿನ ಮಾತನ್ನು ಪಾಲಿಸಬೇಡ ಎಂದು ಪ್ರಾಂಪ್ಟ್‌ನಲ್ಲಿ ಹೇಳಿ. ಇದರಿಂದ ತೊಂದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಾಟಿ ಪರೀಕ್ಷೆಯಲ್ಲಿ ಇಂಥ ಸಾಲನ್ನೂ ಸೇರಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಔಷಧಿ. ಈ ತೀರ್ಪು ಹೇಳುವುದು ತುಂಡು ಪ್ರಶ್ನೆಗೆ ಹೊಂದುತ್ತದೆಯೇ ಎಂದು ಮಾತ್ರ. ತುಂಡಿನಲ್ಲಿ ಬರೆದದ್ದು ಸರಿಯೇ, ಆ ಔಷಧಿಯನ್ನು ಈಗಲೂ ಬಳಸಬಹುದೇ ಎಂದು ಅದಕ್ಕೆ ಗೊತ್ತಿಲ್ಲ. ಹತ್ತು ವರ್ಷ ಹಳೆಯ ಕರಪತ್ರಕ್ಕೂ 3 ಬರುತ್ತದೆ. ನಂಜು ಬಂದ ಟೊಮೆಟೊಗೆ ಮೆಣಸಿನಕಾಯಿಯ ಸಿಂಪಡಣೆ ಹೊಡೆದರೆ ದುಡ್ಡೂ ಹೋಯಿತು, ಗಿಡವೂ ಉಳಿಯಲಿಲ್ಲ, ಪಕ್ಕದ ಸಾಲಿಗೂ ರೋಗ ಹರಡಿತು. ಹಾಗಾಗಿ ಔಷಧಿಯ ಹೆಸರು, ಪ್ರಮಾಣ ಇರುವ ತುಂಡುಗಳು ಎಷ್ಟೇ ಅಂಕ ಪಡೆದರೂ ನಾವು ಬೇರೆ ತೆಗೆದಿಡುತ್ತೇವೆ. ಎರಡು ರೋಗಗಳ ನಡುವೆ ನಮಗೇ ಗೊಂದಲವಾದರೂ ಅಷ್ಟೇ. ಅವನ್ನೆಲ್ಲ ಮುದ್ರಿಸಿಕೊಂಡು ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಕಾಲೇಜಿಗೋ ಹೋಗಿ, ಬೆಳೆ ರೋಗ ಬಲ್ಲವರಿಗೆ ತೋರಿಸಿ ಕೇಳುತ್ತೇವೆ. ಅವರು ಓದಿ ಒಪ್ಪಿದ ಮೇಲಷ್ಟೇ ಆ ತುಂಡು ರೈತರ ಫೋನಿಗೆ ಹೋಗುತ್ತದೆ.